ಭಾವನ ಆರು ಲಕ್ಷ ಮತ್ತು ನಮ್ಮ ಲೆಕ್ಕದಕ್ಕ

ಸರಕು ಗಟ್ಟಿ, ಹೊಳಪು ಕಡಿಮೆ, ಚೌಕಾಸಿಗೆ ಬಗ್ಗುವುದಿಲ್ಲ. ನಮ್ಮ ಲೆಕ್ಕದಕ್ಕ, ಅಂದರೆ ಲೆಕ್ಕ ಬರೆಯುವ ಅಕ್ಕ, ಕೆಲಸ ಕೇಳಿಕೊಂಡು ಬಂದ ದಿನ ನಾನು ಹಾಕಿದ ಅಂದಾಜು ಇಷ್ಟೇ. ಐವತ್ತರ ಆಸುಪಾಸಿನ ಹೆಂಗಸು, ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ಸ್ವಂತ ಕ್ಯಾಲ್ಕುಲೇಟರು. ಸಂಬಳ ಎಷ್ಟು ಬೇಕು ಅಂದೆ. ಹೇಳಿದರು. ಸ್ವಲ್ಪ ಇಳಿಸಿ ಅಂದೆ. "ಇಳಿಸಿದ್ರೆ ಲೆಕ್ಕಾನೂ ಇಳಿಸಿ ಬರೀಬೇಕಾಗುತ್ತೆ ಯಜಮಾನ್ರೇ" ಅಂದರು. ಮೂವತ್ತು ವರ್ಷ ರಟ್ಟಿನ ಪೆಟ್ಟಿಗೆ ಮಾರಿದವನು ನಾನು, ಕೇಳಿದ ಬೆಲೆ ಕೊಟ್ಟು ಕೊಂಡದ್ದು ಅದೊಂದೇ ಸಲ.

ನಮ್ಮದು ಹನ್ನೊಂದು ಜನರ ಕಂಪನಿ. ಕೆಳಗೆ ಪೆಟ್ಟಿಗೆ ಕತ್ತರಿಸುವ ಯಂತ್ರ, ಮೆಟ್ಟಿಲ ಮೇಲೆ ಆಫೀಸು. ಯಂತ್ರ ಓಡಿದರೆ ಮೇಲಿನ ಮೇಜು ನಡುಗುತ್ತದೆ. ಮೇಜು ನಡುಗದಿದ್ದರೆ ನಾನು ನಡುಗುತ್ತೇನೆ. ಅಕ್ಕ ಕುಳಿತುಕೊಳ್ಳುವುದು ಕಿಟಕಿಯ ಪಕ್ಕ. ತಿಂಗಳ ಮೊದಲ ದಿನ ಬಾಕಿದಾರರ ಪಟ್ಟಿ ತೆಗೆದು, ಯಾರ ಬಿಲ್ಲಿಗೆ ಎಷ್ಟು ವಯಸ್ಸಾಯಿತೆಂದು ನೋಡುತ್ತಾರೆ. ಮೂರು ತಿಂಗಳು ದಾಟಿದ್ದಕ್ಕೆ ಕಾಲು ಭಾಗ, ಆರು ದಾಟಿದ್ದಕ್ಕೆ ಅರ್ಧ, ವರ್ಷ ದಾಟಿದ್ದಕ್ಕೆ ಪೂರ್ತಿ: ಅಷ್ಟನ್ನು ಬರಲಿಕ್ಕಿಲ್ಲವೆಂದು ಅಂದಾಜಿಸಿ ಆ ವರ್ಷದ ಲಾಭದಿಂದಲೇ ಕಳೆಯುತ್ತಾರೆ. ಅದಕ್ಕೆ ಪ್ರಾವಿಷನ್ ಅನ್ನುತ್ತಾರೆ. ನಾನು ಅಪಶಕುನ ಅನ್ನುತ್ತಿದ್ದೆ.

ಒಂದು ವರ್ಷ ನನಗೊಂದು ಆಸೆ ಹುಟ್ಟಿತು. ಗಂಟೆಗೆ ಎರಡು ಸಾವಿರ ಪೆಟ್ಟಿಗೆ ಕತ್ತರಿಸಿ ಮಡಚುವ ದೊಡ್ಡ ಯಂತ್ರ. ಬ್ಯಾಂಕು ಸಾಲ ಕೊಡಬೇಕು, ಕೊಡಬೇಕಾದರೆ ಲಾಭ ಚೆನ್ನಾಗಿ ಕಾಣಬೇಕು. ಕಾಣುತ್ತಲೂ ಇತ್ತು: ಏಳು ಲಕ್ಷ. ಆದರೆ ಅದರೊಳಗೆ ಪೀಠೋಪಕರಣದ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ಅಣ್ಣ ಕೊಡಬೇಕಾದ ಆರು ಲಕ್ಷ ಸೇರಿತ್ತು. ಬಿಲ್ಲಿಗೆ ಎಂಟು ತಿಂಗಳು ತುಂಬಿತ್ತು.

"ಅರ್ಧ ಕಳೀಬೇಕು. ಲಾಭ ನಾಲ್ಕಕ್ಕೆ ಇಳಿಯುತ್ತೆ" ಅಂದರು ಅಕ್ಕ.

"ಭಾವ ಕಣ್ರೀ ಅವರು! ಮನೆಯವರು."

"ಬಿಲ್ಲಲ್ಲಿ ಸಂಬಂಧ ಬರೆಯೋ ಜಾಗ ಇಲ್ಲ ಯಜಮಾನ್ರೇ."

ಬ್ಯಾಂಕಿನವರು ಗುರುವಾರ ಬರುವುದಿತ್ತು. ಮಂಗಳವಾರ ಅಕ್ಕ ಹೊರಟ ಮೇಲೆ ನಾನೇ ಕಂಪ್ಯೂಟರಿನ ಮುಂದೆ ಕುಳಿತೆ. ಭಾವನ ಹಳೆಯ ಬಿಲ್ಲನ್ನು, ಬಿಲ್ಲು ರದ್ದು ಮಾಡುವ ಕ್ರೆಡಿಟ್ ನೋಟ್ ಹಾಕಿ ತೆಗೆದು, ಅದೇ ಮೊತ್ತಕ್ಕೆ ಅಂದಿನ ತಾರೀಖಿನ ಹೊಸ ಬಿಲ್ಲು ಮಾಡಿದೆ. ಎಂಟು ತಿಂಗಳ ಬಾಕಿ ಒಂದೇ ಒತ್ತಿಗೆ ಹಸುಗೂಸಾಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಅಕ್ಕ ಆ ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ಗೇಟ್ ಪಾಸ್ ಇಲ್ಲ, ಗಾಡಿ ನಂಬರ್ ಇಲ್ಲ. ಗೋದಾಮಲ್ಲಿ ಒಂದು ಪೆಟ್ಟಿಗೇನೂ ಕಡಿಮೆಯಾಗಿಲ್ಲ. ಸರಕು ಹಾರಿಕೊಂಡು ಹೋಯ್ತಾ?"

"ತಾರೀಖು ಸ್ವಲ್ಪ ಹೊಸದು ಮಾಡಿದೆ, ಅಷ್ಟೇ."

"ಮೀಸೆಗೆ ಬಣ್ಣ ಹಚ್ಚಿದ್ರೆ ವಯಸ್ಸು ಇಳಿಯುತ್ತಾ? ಇದನ್ನ ತೆಗೀರಿ. ಇಲ್ಲಾಂದ್ರೆ ನಾಳೆ ಪಟ್ಟಿಗೆ ನೀವೇ ಸಹಿ ಹಾಕಿ. ನಾನು ಚೀಲ ತಗೊಂಡು ಹೊರಡ್ತೀನಿ."

ಹೊರಡುವವರೇ. ಒಂದು ಕಡೆ ಯಂತ್ರ, ಇನ್ನೊಂದು ಕಡೆ ಕಂಪನಿಯ ಲೆಕ್ಕವೆಲ್ಲ ತಲೆಯಲ್ಲಿಟ್ಟುಕೊಂಡ ಹೆಂಗಸು. ಅಷ್ಟರಲ್ಲಿ ಮೆಟ್ಟಿಲು ದಡದಡ ಅಂದಿತು. ನನ್ನ ಹೆಂಡತಿ. ಅಣ್ಣನ ಬಾಕಿಯನ್ನು ಅಕ್ಕ ಕಳೆಯುತ್ತಾರಂತೆ ಎಂದು ಹಿಂದಿನ ರಾತ್ರಿ ಊಟದ ಹೊತ್ತಿಗೆ ನಾನೇ ಬಾಯಿಬಿಟ್ಟಿದ್ದೆ, ಸ್ವಲ್ಪ ಬೆಂಬಲ ಸಿಗಲೆಂದು.

"ಏನ್ರೀ ಅಕ್ಕ, ನಮ್ಮಣ್ಣನ್ನ ದಿವಾಳಿ ಅಂತ ಬರೀತಿದ್ದೀರಂತೆ?"

"ಕೂತ್ಕೊಳ್ಳಿ ಅಮ್ಮ. ನೀರು ಕುಡೀರಿ. ಮಳೆ ಬರಬಹುದು ಅಂತ ಕೊಡೆ ತಗೊಂಡು ಹೋದ್ರೆ ಮಳೆಗೆ ಕಾಗದ ಬರೆದು ಕರೆದ ಹಾಗಾ? ಬಾಕಿ ನಿಮ್ಮಣ್ಣನ ಹೆಸರಲ್ಲಿ ಹಾಗೇ ಇರುತ್ತೆ, ಒಂದು ಕಾಸೂ ಬಿಟ್ಟಿಲ್ಲ. ಬರದೇ ಹೋದ್ರೆ ಅಂತ ನಮ್ಮ ಲಾಭದಲ್ಲಿ ಅರ್ಧ ತೆಗೆದಿಡ್ತೀನಿ. ಅವರು ನಾಳೆ ತಂದುಕೊಟ್ರೆ ಅದನ್ನ ವಾಪಸ್ ಲಾಭಕ್ಕೆ ಸೇರಿಸ್ತೀನಿ."

ಹೆಂಡತಿಗೆ ಅರ್ಧ ಸಮಾಧಾನವಾಯಿತು. ಉಳಿದರ್ಧ ಸಿಟ್ಟಿಗೆ ಜಾಗ ಹುಡುಕುತ್ತ ಮೇಜಿನ ಮೇಲಿದ್ದ ಬಿಲ್ಲನ್ನು ಎತ್ತಿಕೊಂಡಳು. "ಇದೇನಿದು, ನಿನ್ನೆ ಆರು ಲಕ್ಷದ ಪೆಟ್ಟಿಗೆ ಕಳಿಸಿದ್ರಾ? ಯಾರು ತಗೊಂಡ್ರು? ಅಣ್ಣ ಅಂಗಡಿ ಬಾಗಿಲು ಹಾಕಿ ಮೂರು ವಾರ ಆಯ್ತಲ್ರೀ! ಕಟ್ಟಡದವನು ಬೀಗ ಜಡಿದಿದ್ದಾನೆ. ಅತ್ತಿಗೆ ಅತ್ತಳು ಫೋನಲ್ಲಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೆಳಗಿನ ಯಂತ್ರ ಕೂಡ ಅದೇ ಗಳಿಗೆಯಲ್ಲಿ ನಿಂತಿತು, ಚಹಾದ ಬಿಡುವು.

ಅಕ್ಕ ಕನ್ನಡಕ ಸರಿಮಾಡಿಕೊಂಡರು. "ಹಾಗಾದ್ರೆ ಅರ್ಧ ಸಾಲದು. ಅಂಗಡಿಗೇ ಬೀಗ ಬಿದ್ದಿರೋದು ಗೊತ್ತಾದ ಮೇಲೆ ವಯಸ್ಸಿನ ಲೆಕ್ಕ ಹಿಡಿದು ಕೂರೋಕಾಗಲ್ಲ. ಪೂರ್ತಿ ಆರೂ ಕಳೀಬೇಕು."

ಮೂರು ಲಕ್ಷ ಉಳಿಸಲು ಬಂದ ಹೆಂಡತಿ ಇನ್ನೂ ಮೂರು ಕಳೆದು ನಿಂತಿದ್ದಳು. ಏಳು ಲಕ್ಷವಿದ್ದ ಲಾಭ ಒಂದಕ್ಕೆ ಬಂತು. ನನ್ನನ್ನು ನೋಡಿ, "ನಿಮಗೆ ಯಂತ್ರದ ಹುಚ್ಚು ಇರೋವಾಗ ಹೇಗೆ ಹೇಳ್ಲಿ?" ಅಂದಳು. ಬಿಲ್ಲನ್ನು ರದ್ದು ಮಾಡಿದವನು ನಾನೇ. ಅಕ್ಕ ಪಕ್ಕದಲ್ಲಿ ನಿಂತು, ಹಳೆಯ ಬಿಲ್ಲು ಹಳೆಯ ತಾರೀಖಿನೊಂದಿಗೆ ವಾಪಸ್ಸು ಬಂದದ್ದನ್ನು ನೋಡಿಯೇ ಕುಳಿತರು.

ಗುರುವಾರ ಬ್ಯಾಂಕಿನವರು ಪಟ್ಟಿಯನ್ನು ಎರಡು ಸಲ ಓದಿ, ದೊಡ್ಡ ಯಂತ್ರಕ್ಕೆ ಆಗುವುದಿಲ್ಲ ಅಂದರು. ನಾನು ಮುನಿಸಿಕೊಂಡೆ. ಆ ವರ್ಷ ಎಲ್ಲರ ಸಂಬಳ ಹೆಚ್ಚಿಸಿದೆ, ಅಕ್ಕನದನ್ನು ಬಿಟ್ಟು. ಎಲ್ಲರ ಹೆಚ್ಚಿನ ಸಂಬಳವನ್ನೂ ಅವರೇ ಬರೆದು ಪಾವತಿಸಿದರು.

ಮುಂದಿನ ವರ್ಷ ಭಾವ ಕೈಯೆತ್ತಿದರು. ಕಳಿಸಿದ ನೋಟೀಸು, ವಾಪಸ್ಸು ಬಂದ ಚೆಕ್ಕು ಎಲ್ಲ ಒಂದು ಫೈಲಿಗೆ ಹಾಕಿ ಅಕ್ಕ ನನ್ನ ಮುಂದಿಟ್ಟು, "ಈಗ ವಜಾ. ಸಹಿ ಹಾಕಿ" ಅಂದರು. ಆರು ಲಕ್ಷ ಪುಸ್ತಕದಿಂದ ಹೋಯಿತು. ಅದಕ್ಕೆದುರಾಗಿ ಹಿಂದಿನ ವರ್ಷವೇ ತೆಗೆದಿಟ್ಟಿದ್ದ ಆರು ಲಕ್ಷವೂ ಅದರ ಜೊತೆ ಹೋಯಿತು. ಆ ವರ್ಷದ ಲಾಭಕ್ಕೆ ಒಂದು ಗೀರೂ ಬೀಳಲಿಲ್ಲ. ಪಕ್ಕದ ಬೀದಿಯ ಪೆಟ್ಟಿಗೆಯವನೂ ಭಾವನಿಗೆ ಸರಕು ಕೊಟ್ಟಿದ್ದ. ಬಾರದ ಬಾಕಿಯನ್ನೆಲ್ಲ ಲಾಭವೆಂದು ತೋರಿಸಿ ದೊಡ್ಡ ಯಂತ್ರಕ್ಕೆ ಸಾಲ ತಂದ. ಕಂತು ಕಟ್ಟಲಾರದೆ ಎರಡೇ ವರ್ಷದಲ್ಲಿ ಅದನ್ನು ಮಾರಲು ಇಟ್ಟ. ಅರ್ಧ ಬೆಲೆಗೆ ಕೊಂಡವನು ನಾನು. ವ್ಯಾಪಾರ ವ್ಯಾಪಾರವೇ.

ಭಾವ ಈಚೆಗೆ ಒಂದು ಸಂಜೆ, ನಾನಿಲ್ಲದಾಗ, ನಲವತ್ತು ಸಾವಿರ ತಂದರು. ವಜಾ ಆದ ಬಾಕಿಯೆಂದು ಅಕ್ಕ ತಿರುಗಿಸಿ ಕಳಿಸಲಿಲ್ಲ. ಎಣಿಸಿ ರಸೀದಿ ಕೊಟ್ಟು, ಈ ವರ್ಷದ ಆದಾಯವೆಂದು ಬರೆದುಕೊಂಡರು. "ಪುಸ್ತಕದಿಂದ ಹೋಗಿದೆ, ಋಣದಿಂದ ಹೋಗಿಲ್ಲ ಅಣ್ಣ" ಅಂದರಂತೆ. ಭಾವ ನಕ್ಕು ಉಳಿದದ್ದಕ್ಕೆ ಅವಧಿ ಕೇಳಿದರಂತೆ.

ಅಕ್ಕನಿಗೆ ನಾನು ಕೊಡಬೇಕಾದದ್ದು ಆ ವರ್ಷ ತಡೆಹಿಡಿದ ಸಂಬಳದ ಹೆಚ್ಚಳ, ಅಂದಿನಿಂದ ಇಂದಿನವರೆಗಿನದು, ಮತ್ತು ಎದುರು ನಿಂತು ಒಮ್ಮೆಯೂ ಹೇಳದ ಒಂದು "ತಪ್ಪಾಯಿತು". ಎರಡೂ ಇನ್ನೂ ಬಾಕಿಯಿವೆ.