ಗೀಸರಿಗೆ ಮೂರು ಪಟ್ಟೆ

ನೀರು ತುಂಬುವ ಹಬ್ಬಕ್ಕೆಂದು ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಅತ್ತೆ ಟ್ಯಾಂಕ್ ತಿಕ್ಕಿಸಿ, ಹಂಡೆಗೆ ಹಚ್ಚುವಂತೆ ಬಚ್ಚಲ ಹೊರಗೋಡೆಯ ಗ್ಯಾಸ್ ಗೀಸರಿಗೂ ವಿಭೂತಿಯ ಮೂರು ಪಟ್ಟೆ ಎಳೆದರು. ಮರುದಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರಷ್ಟೇ ಅದು ಹೊತ್ತಿಕೊಳ್ಳುತ್ತಿತ್ತು. ತುಸು ತಗ್ಗಿಸಿದರೆ ತಣ್ಣೀರು.

ಮೈಗೆಲ್ಲ ಎಣ್ಣೆ ಬಳಿದುಕೊಂಡ ನನ್ನ ಗಂಡ ಬಚ್ಚಲಲ್ಲಿ ಕುಣಿಯುತ್ತ, "ಸೆನ್ಸರ್ ಹೋಗೈತೆ!" ಎಂದು ಕೂಗಿದರು.

ಹೋಗಿರುವುದು ಇವರ ತಲೆ! ಸೆನ್ಸರ್ ಹೋಗಿದ್ದರೆ ಪೂರ್ತಿ ತಿರುಗಿಸಿದಾಗ ಹೇಗೆ ಹೊತ್ತೀತು?

ವಾಲ್ವ್ ಮುಚ್ಚಿ, ಗೀಸರಿಗೆ ನೀರು ಬರುವ ಪೈಪ್ ಬಿಚ್ಚಿದೆ. ಅಲ್ಲಿನ ಪುಟ್ಟ ಜಾಲರಿಯ ತುಂಬ ಟ್ಯಾಂಕಿನ ಮರಳು. ನೀರಿನ ರಭಸ ಸಾಲದೆ ಸೆನ್ಸರಿಗೆ ಹರಿವೇ ಗೊತ್ತಾಗಿರಲಿಲ್ಲ. ಜಾಲರಿ ತೊಳೆದು ಹಾಕಿದೆ. ಅರ್ಧ ನಲ್ಲಿಗೇ ಭಗ್ಗೆಂದಿತು.

ಅತ್ತೆ ಬಿದ್ದು ಬಿದ್ದು ನಕ್ಕರು: "ಅಯ್ಯೋ, ವಿಭೂತಿ ಹಚ್ಬೇಕಾಗಿದ್ದು ಆ ಜಾಲ್ರಿಗೆ ಕಣೇ!"