ಸಾದಿಂದ ಧಕ್ಕೆ ಹೋಗುವ ದಾರಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಥೈರಾಯ್ಡ್ ಆಪರೇಷನ್ ಆದಮೇಲೆ ಹಾಡುವುದನ್ನೇ ಬಿಟ್ಟಿದ್ದರು. ಡಾಕ್ಟರು ಹಾಡಬಹುದು ಅಂದಿದ್ದರು. ಆದರೆ ಡಾಕ್ಟರ ಮಾತು ಕಿವಿಯವರೆಗೆ ಬಂದರೂ ಗಂಟಲವರೆಗೆ ಇಳಿಯಬೇಕಲ್ಲ! ಕೊರಳಿಗೆ ಸೆರಗು ಸುತ್ತಿಕೊಂಡು ಓಡಾಡುತ್ತಿದ್ದರು. ಒಗ್ಗರಣೆ ಹಾಕುವಾಗಲೂ ಗುನುಗುತ್ತಿದ್ದ ಹೆಂಗಸು ಸುಮ್ಮನಾದರೆ ಮನೆ ಎಷ್ಟು ಬಿಕೋ ಅನ್ನುತ್ತದೆ ಅಂತ ನನಗೆ ಆಗ ಗೊತ್ತಾಯಿತು.

ಜೈನ ಪೂಜೆಗಳಿಗೆ, ವಿಧಾನ ಅನ್ನುವ ದೊಡ್ಡ ಆರಾಧನೆಗಳಿಗೆ ಹಾಡುವ ಮೇಳ ನಮ್ಮದು. ಅಣ್ಣ ಕೀಬೋರ್ಡು, ನಾನು ಬೇಸ್ ಗಿಟಾರು, ಹಾಡು ವೈನಿಯದು. ಕಬ್ಬಿನ ಕೆಲಸ ಮುಗಿಸಿ ಕೈ ತೊಳೆದರೆ ಏಕಸಂಬಿಯ ನಮ್ಮ ಮನೆಯ ಮಾಳಿಗೆಯಲ್ಲಿ ಪ್ರಾಕ್ಟೀಸು. ಪಾಲಬಾವಿಯಲ್ಲಿ ಒಂದು ಪೂಜೆಗೆ ಕರೆದಾಗ ಅಣ್ಣ ಹೆಂಡತಿಯನ್ನು ಕಾಡಿ ಬೇಡಿ ಒಪ್ಪಿಸಿದ. "ಒಮ್ಮೆ ನೋಡ್ತೀನ್ರಿ. ಆಗ್ಲಿಲ್ಲಂದ್ರ ಮತ್ತ ನನ್ನ ಕೇಳಬ್ಯಾಡ್ರಿ" ಅಂದರು ವೈನಿ. ಆ ಮಾತು ತಮಾಷೆಯದಲ್ಲ. ಒಮ್ಮೆ ಬೇಡ ಅಂದರೆ ಅವರನ್ನು ಅವರಪ್ಪನೂ ಒಪ್ಪಿಸಲಾರ.

ಹಾಡು ಅವರೇ ಕಟ್ಟಿದ ಭೂಪ ರಾಗದ್ದು. ಭೂಪದಲ್ಲಿ ಐದೇ ಸ್ವರ: ಸಾ, ರೆ, ಗ, ಪ, ಧ. ಮ ಮತ್ತು ನಿಗೆ ಆ ಮನೆಯಲ್ಲಿ ಪ್ರವೇಶವಿಲ್ಲ. ಮೊದಲು ಕಾಳಿ ಪಾಚ್‌ನಲ್ಲಿ, ಅಂದರೆ ಹಾರ್ಮೋನಿಯಂ ಪೆಟ್ಟಿಗೆಯ ಐದನೇ ಕರಿಪಟ್ಟಿಯಿಂದ ಹಾಡುತ್ತಿದ್ದರು. ಈಗ ನಾಲ್ಕನೆಯದಕ್ಕೆ ಇಳಿಸಿದೆವು. ಅಣ್ಣ ಹಾಕಿದ ಕಾರ್ಡುಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳು, ಸರಳ. ಸಾ ಮೇಜರ್, ಧ ಮೈನರ್, ಪ, ಮತ್ತೆ ಸಾ. ಪ ಕಾರ್ಡಿನೊಳಗೆ ನಿ ಬರುತ್ತದೆ ಅಂತ ಅಣ್ಣ ಆ ಬೆರಳನ್ನೇ ಎತ್ತಿ ಬರೀ ಪ, ರೆ ಒತ್ತುತ್ತಿದ್ದ. ಅಷ್ಟು ಮಡಿ!

ಬೇಸಿನ ಕೆಲಸ ಬುಡ ಹಿಡಿಯುವುದು. ಸಾ ಕಾರ್ಡಿಗೆ ಸಾ, ಧ ಕಾರ್ಡಿಗೆ ಧ. ನಾನೂ ಹಾಗೇ ಮಾಡಿದೆ, ಒಂದೊಂದು ಕಾರ್ಡಿನ ಎಂಟು ಮಾತ್ರೆಗೂ ಅದೇ ಬುಡದ ಸ್ವರ.

ವೈನಿ ಎರಡು ಸಾಲು ಹಾಡಿ ನಿಲ್ಲಿಸಿದರು. "ಏನ್ ತಮ್ಮಾ, ಪಂಪ್‌ಸೆಟ್ ಚಾಲೂ ಮಾಡೀ ಏನ? ಮುಂದಿಂದು ಯಾವಾಗ ಬರತೈತಿ ಅಂತನ ತಿಳೀವಲ್ದು. ನನಗ ಉಸಿರ ತಗೊಳ್ಳಾಕ ಜಾಗಾ ಸಿಗವಲ್ದು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಪಂಪ್‌ಸೆಟ್ ಅಂದದ್ದು ಖರೆ ಇತ್ತು. ಒಂದೇ ಸ್ವರ ಕುಟ್ಟುತ್ತಿದ್ದರೆ ಕಾರ್ಡು ಬದಲಾಗುವುದು ಯಾರಿಗೂ ಮುಂಚೆ ಗೊತ್ತಾಗುವುದಿಲ್ಲ. ಹಾಗಾದರೆ ದಾರಿ ಮಾಡೋಣ ಅಂತ ಸಾದಿಂದ ಕೆಳಗಿನ ಧಕ್ಕೆ ಇಳಿಯುವಾಗ ನಡುವೆ ನಿ ಹಾಕಿದೆ. ಸಾ, ನಿ, ಧ. ಆರ್ಕೆಸ್ಟ್ರಾಗಳಲ್ಲಿ ಸಾವಿರ ಸಲ ಬಾರಿಸಿದ ಇಳಿಜಾರು ಅದು. ಕೇಳಲಿ ಅಂತ ನಿ ಮೇಲೆ ಎರಡು ಮಾತ್ರೆ ನಿಂತೆ ಕೂಡ. ಅಣ್ಣ "ವ್ಹಾ!" ಅಂದ.

ಆ ಜಾಗದಲ್ಲಿ ವೈನಿ ಸಾ ಮೇಲೆ ಉದ್ದಕ್ಕೆ ನಿಲ್ಲಬೇಕು. ನಿಂತರು, ಆದರೆ ಸ್ವರ ಕೂದಲೆಳೆಯಷ್ಟು ಕೆಳಗೆ ಜಾರಿತು. ಮತ್ತೊಮ್ಮೆ ಹಾಡಿದರು, ಮತ್ತೆ ಜಾರಿತು. ಕೈ ಕೊರಳಿಗೆ ಹೋಯಿತು.

"ಆತ್ರಿ, ಮುಗೀತು" ಅಂದರು ಮೆಲ್ಲಗೆ. "ನನ್ನ ಗಂಟಲ ಹೋಗೇತಿ. ಬ್ಯಾರೇದವರನ್ನ ನೋಡ್ರಿ." ಎದ್ದು ಕೆಳಗೆ ಹೋಗಿಬಿಟ್ಟರು.

ಅಣ್ಣ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ ಕೂತ. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಸಣ್ಣಗೆ ಅದೇ ಸಾಲು ಕೇಳಿಸಿತು. ವೈನಿ ಅಡುಗೆಮನೆಯಲ್ಲಿ ಮೊಬೈಲಿನ ತಂಬೂರಿ ಹಚ್ಚಿಕೊಂಡು ತಮ್ಮ ಗಂಟಲನ್ನು ತಾವೇ ಪರೀಕ್ಷೆ ಮಾಡುತ್ತಿದ್ದರು. ಸಾ ಗೂಟ ಹೊಡೆದಂತೆ ನಿಂತಿತ್ತು. ಎಲ್ಲೂ ಜಾರಲಿಲ್ಲ.

ನಾನು ಕೂತಲ್ಲೇ ಬೆರಳು ಮಡಚಿದೆ. ತಂಬೂರಿಗೆ ಜಾರಲಿಲ್ಲ. ಪಂಪ್‌ಸೆಟ್ಟಿಗೂ ಜಾರಿರಲಿಲ್ಲ, ಉಸಿರಷ್ಟೇ ಸಿಕ್ಕಿರಲಿಲ್ಲ. ಜಾರಿದ್ದು ಒಂದೇ ಕಡೆ.

"ಅಣ್ಣಾ, ಭೂಪದಾಗ ನಿ ಐತೇನು?"

"ನಿ ಎಲ್ಲಿಂದ ಬರಬೇಕಲೇ? ಅದಕ್ಕ ನಾ ಬೆರಳು ಎತ್ತೀನಿ" ಅಂದವನು ನನ್ನ ಗಿಟಾರು ನೋಡಿದ. ಹಣೆ ಹಣೆ ಬಡಿದುಕೊಂಡ. "ಅಯ್ಯ ನಮ್ಮ ಬುದ್ಧಿಗಿಷ್ಟು!"

ನಿ ಬರಬಾರದು ಅಂತ ಮುಂದಿನ ಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಿದ್ದೆವು. ನಮ್ಮ ಕಡೆ ಬೇಸ್ ಅಂದರೆ ಢೋಲಕ್ಕಿನ ಪೈಕಿ, ತಾಳದವರ ಸಾಲಿನಲ್ಲಿ ಕೂರಿಸುವ ವಾದ್ಯ. ರಾಗದ ಕಟ್ಟು ಹಾಡುವವರಿಗೆ, ಪೆಟ್ಟಿಗೆಯವರಿಗೆ. ಬೇಸಿನವನು ಯಾವ ಸ್ವರ ಹಿಡಿದ ಅಂತ ಯಾರು ಕೇಳುತ್ತಾರೆ? ಆದರೆ ವೈನಿಯ ಕಿವಿ ಕೇಳಿತ್ತು. ಸಾದ ಅರ್ಧ ಮೆಟ್ಟಿಲು ಕೆಳಗೆ ಬರಬಾರದ ಸ್ವರವೊಂದು ಬಂದು ಎರಡು ಮಾತ್ರೆ ಕೂತರೆ ಗಂಟಲು ಅದರ ಕಡೆ ವಾಲದೆ ಏನು ಮಾಡೀತು?

ದಾರಿ ಬೇಕು, ನಿ ಬೇಡ. ಕೆಳಗಿಳಿಯುವ ಬದಲು ಮೇಲೆ ಹತ್ತಿದರೆ? ದಪ್ಪ ತಂತಿಯ ನಾಲ್ಕನೇ ಮನೆಯಲ್ಲಿ ಸಾ ಹಿಡಿದು ನಾಲ್ಕು ಮಾತ್ರೆ ಬಿಟ್ಟೆ. ಐದಕ್ಕೆ ಮತ್ತೆ ಸಾ, ಆರಕ್ಕೆ ರೆ, ಏಳಕ್ಕೆ ಗ, ಎಂಟಕ್ಕೆ ಪ, ಮುಂದಿನ ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಮೇಲಿನ ಧ. ಗ, ಪ ಎರಡೂ ಸಾ ಕಾರ್ಡಿನ ಮನೆಮಂದಿ. ರೆ ಮಾತ್ರ ಪಾವಣೇರು, ಅಂದರೆ ಅತಿಥಿ. ಪಾವಣೇರು ಬರಲಿ, ಚಾ ಕುಡಿದು ಹೋಗಲಿ, ಯಜಮಾನನ ಗಾದಿಯ ಮೇಲೆ ಕೂರಬಾರದು. ಸಮ್ಮು ಬುಡದ ಸ್ವರದ ಗಾದಿ. ಧದ ಪಕ್ಕದ ಮನೆಯೇ ಪ, ನಡುವೆ ಯಾರೂ ಬೇಡ. ಪದಿಂದ ತಿರುಗಿ ಬರುವಾಗ ಗ, ರೆ ಹಾಯ್ದು ಸಾ. ಈ ಸಲ ಗ ಪಾವಣೇರು, ರೆ ಪ ಕಾರ್ಡಿನದೇ.

"ಹತ್ತಿ ಇಳದ್ರೂ ಭೂಪ ಬಿಡಲಿಲ್ಲ ನೋಡು!" ಅಂದ ಅಣ್ಣ. ನಾನು ಮೆಟ್ಟಿಲ ತುದಿಗೆ ಹೋಗಿ ಕೂಗಿದೆ:

"ವೈನೀ, ಮ್ಯಾಲ ಬರ್ರಿ! ನಿಮ್ಮ ಗಂಟಲಕ್ಕ ಏನೂ ಆಗಿಲ್ಲ. ನನ್ನ ಗಿಟಾರದಾಗ ಒಬ್ಬ ಕಳ್ಳ ಹೊಕ್ಕಿದ್ದ!"

ಬಂದರು, ಆದರೆ ಕೂರಲಿಲ್ಲ. ಸಮಾಧಾನ ಹೇಳಾಕತ್ತಾನ ಅಂತ ಅವರ ಮುಖದಲ್ಲೇ ಬರೆದಿತ್ತು. ಅದಕ್ಕೆ ಮೊದಲು ಹಳೆಯ ನಿ ಹಾಕಿ ತೋರಿಸಿದೆ, ಜಾರಿದರು. ಹೊಸದು ಬಾರಿಸಿದೆ. ಬೇಸು ಹತ್ತತೊಡಗಿದ ಕೂಡಲೇ ಕಾರ್ಡು ಬದಲಾಗುವುದು ಅವರಿಗೆ ತಿಳಿಯಿತು. ಸಾ ಸಮ್ಮಿನವರೆಗೂ ಅಲುಗದೆ ನಿಂತಿತು, ಧ ಬಂದಮೇಲೆ ಆರಾಮಾಗಿ ಉಸಿರು ತೆಗೆದುಕೊಂಡು ಮುಂದಿನ ಸಾಲು ಎತ್ತಿಕೊಂಡರು. ಹಾಡು ಮುಗಿಸಿದವರು ಒಮ್ಮೆಲೆ ಅಳತೊಡಗಿದರು. ಅಣ್ಣ ಗಾಬರಿಯಾದ.

"ಸುಮ್ನಿರ್ರಿ, ಖುಷಿಗೆ ಬಂದೈತಿ" ಅಂತ ಅಳುತ್ತಲೇ ಬೈದರು. ನನಗೂ ಎದೆ ಮೇಲಿನ ಮೂಟೆ ಇಳಿಸಿದಂತಾಯಿತು. ಖರೆ ಹೇಳುತ್ತೇನೆ, ಕಣ್ಣೂ ತುಂಬಿತು.

ಪಾಲಬಾವಿಯಲ್ಲಿ ಬೆಳಗಿನ ಪೂಜೆ. ಮಂಟಪ ತುಂಬಿತ್ತು. ಉದ್ದನೆಯ ಸಾ ಬರುವಾಗ ನಾನು ತಂತಿ ನೋಡಲಿಲ್ಲ, ವೈನಿಯ ಕೈ ನೋಡುತ್ತಿದ್ದೆ. ಅದು ಕೊರಳಿಗೆ ಹೋಗಲಿಲ್ಲ, ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಸೆರಗು ಜಾರಿ ಹೊಲಿಗೆಯ ಗುರುತು ಕಾಣುತ್ತಿತ್ತು, ಅದರ ಕಡೆ ಅವರಿಗೆ ಲಕ್ಷ್ಯವೇ ಇರಲಿಲ್ಲ.

ಊಟಕ್ಕೆ ಕೂತಾಗ ಕೇಳಿದರು: "ತಮ್ಮಾ, ಆ ನಿ ಎಲ್ಲಿ ಹೋತು?"

"ಅಥಣಿ ಬಸ್ಸು ಹತ್ತಿಸಿ ಬಂದೀನ್ರಿ ವೈನಿ."

ನಕ್ಕರು. ನಗುತ್ತಲೇ ಅಣ್ಣನ ಕಡೆ ತಿರುಗಿದರು. ಕಾಗವಾಡದವರೂ ಒಂದು ಪೂಜೆಗೆ ಕರೆದಿದ್ದರು, ವೈನಿಗೆ ಹೇಳಲು ಧೈರ್ಯ ಸಾಲದೆ ನಾವು ಮುಚ್ಚಿಟ್ಟಿದ್ದೆವು. ಅವರಿಗೆ ಯಾರು ಹೇಳಿದ್ದರೋ.

"ರೀ, ಕಾಗವಾಡದವರಿಗೆ ಹೂಂ ಅಂತ ಹೇಳ್ರಿ. ಮತ್ತ ಮುಂದಿನ ಸಲ ಕಾಳಿ ಪಾಚ್‌ನ್ಯಾಗ ಹಾಡ್ತೀನಿ."