ನಾನು ಹೊಡೆದು ಹಾಕಿದ ಸಾಲು

ತೊಂಬತ್ತರ ದಶಕದ ನಡುವಿನಲ್ಲಿ ನಾನು ವಡೋದರಾದಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದೆ. ನನ್ನ ಬಳಿ ಪಿಎಚ್‌.ಡಿ. ಮಾಡುತ್ತಿದ್ದವಳು ಸೂರತ್‌ನಲ್ಲಿ ಬೆಳೆದ ಕನ್ನಡದ ಹುಡುಗಿ. ತಂದೆ ಬ್ಯಾಂಕಿನವರು, ಧಾರವಾಡ ಕಡೆಯವರು. ಅವಳ ಕನ್ನಡ ಕುಂಟುತ್ತಿತ್ತು, ಗುಜರಾತಿ ಮಾತ್ರ ನೀರು ಕುಡಿದಷ್ಟು ಸಲೀಸು. ಅವಳ ಪ್ರಬಂಧವೂ ಗುಜರಾತಿ ಕ್ರಿಯಾಪದಗಳ ಮೇಲೆಯೇ.

ಆಗ ಹೊಸದಾಗಿ ಬಂದಿದ್ದ ವಾದವೊಂದು ನನ್ನ ತಲೆ ಹೊಕ್ಕಿತ್ತು. ಪದದ ರೂಪ ಅರ್ಥವನ್ನು ಹೊತ್ತು ತರುವುದಿಲ್ಲ. ಮೊದಲು ಅರ್ಥದ ಖಾನೆಗಳಿರುತ್ತವೆ, ರೂಪಗಳು ಆಮೇಲೆ ಬಂದು ಅವನ್ನು ತುಂಬುತ್ತವೆ. ಹೆಚ್ಚು ಖಚಿತವಾದ ರೂಪಕ್ಕೆ ಮೊದಲ ಹಕ್ಕು, ಉಳಿದ ಖಾನೆಗಳಿಗೆಲ್ಲ ಒಂದು ಸಾಮಾನ್ಯ ರೂಪ. ಹೋಗುವುದಕ್ಕೆ ಗುಜರಾತಿಯಲ್ಲಿ 'ಜಾ', 'ಹೋದ' ಎನ್ನಲು ಮಾತ್ರ 'ಗಯೋ'. ಭೂತಕಾಲಕ್ಕೆಂದೇ 'ಗ' ಕಾದಿದೆ, ಉಳಿದೆಡೆ 'ಜಾ'. ವರ್ತಮಾನದಲ್ಲೂ ಹಾಗೆಯೇ. 'ನಾನು ಮಾಡುತ್ತೇನೆ'ಗೆ 'ಕರುಂ ಛುಂ', ನಾವು ಎನ್ನಲು, ನೀವು ಎನ್ನಲು ಬೇರೆ ಬೇರೆ ರೂಪ. ನೀನು, ಅವನು, ಅವರು, ಈ ಮೂರಕ್ಕೂ ಒಂದೇ 'ಕರೇ ಛೇ'. ಎಷ್ಟು ಚಂದ! ಎಲ್ಲ ಕಾಲದಲ್ಲೂ 'ನೀನು' ಹೀಗೆ 'ಅವನ' ಜೊತೆಗೇ ಇರುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ನಮ್ಮ ಕೋಷ್ಟಕದಲ್ಲಿ 'ಅವನು' ಮೇಲಿನ ಸಾಲು, 'ನೀನು' ಅದರ ಕೆಳಗೆ; ಖಾನೆಯಲ್ಲಿ ಮೇಲಿನ ರೂಪವೇ ಎಂದು ಹೇಳಲು ಎರಡು ಗೀಟು ಎಳೆಯುವುದು ರೂಢಿ. ಮಾತಾಡುವವರನ್ನು ಕೇಳಿ ಎಳೆದ ಗೀಟು ಯಾವುದು, ಕೇಳದೆ ಎಳೆದದ್ದು ಯಾವುದು, ನೋಡಿದವರಿಗೆ ಗೊತ್ತಾಗುವುದಿಲ್ಲ.

ಒಂದು ಭಾನುವಾರ ಗೋರ್ವಾ ಬಡಾವಣೆಯ ನನ್ನ ಮನೆಗೆ ಅವಳು ಟಿಪ್ಪಣಿ ಪುಸ್ತಕ ತಂದಳು.

"ಮೇಡಂ, ನಮ್ಮ ಕೆಳಗಿನ ಮನೆ ಅಜ್ಜಿ ಇದಾರಲ್ಲ, ಎಲ್ಲರೂ 'ಬಾ' ಅಂತ ಕರೀತಾರೆ, ಅವರು ಭವಿಷ್ಯತ್ ಕಾಲದಲ್ಲಿ ಬೇರೆ ಹೇಳ್ತಾರೆ. 'ಹೂಂ ಕರೀಶ್', ನಾನು ಮಾಡ್ತೀನಿ. 'ತೂಂ ಕರೀಶ್', ನೀನೂ ಅದೇ. 'ತೇ ಕರಶೇ', ಅವನು ಮಾಡ್ತಾನೆ, ಅದು ಮಾತ್ರ ಬೇರೆ."

ಅಂದರೆ ಇಲ್ಲಿ 'ನೀನು' ಅವನನ್ನು ಬಿಟ್ಟು 'ನಾನು' ಜೊತೆ ಸೇರಿತ್ತು. ನನ್ನ ಸಿಟ್ಟೋ, ಮೂಗಿನ ತುದಿಯಲ್ಲೇ ಇರುತ್ತದೆ.

"ಅಲ್ಲವ್ವಾ, ಆಕಿ ರಿಟೈರ್ಡ್ ಮಾಸ್ತರಣಿ, ಪುಸ್ತಕ ಓದಿದಂಗ ಮಾತಾಡ್ತಾಳ. ಉಳಿದವ್ರು ಏನಂತಾರ?"

"ಉಳಿದವರು 'ತೂಂ ಕರಶೇ' ಅಂತಾರೆ. ಆದ್ರೆ ಬಾ ಮಕ್ಕಳಿಗೆ ಬೈವಾಗಲೂ ಹಾಗೇ ಹೇಳ್ತಾರೆ. ನಾನು ಕೇಳಿದೀನಿ."

"ಇಷ್ಟು ಚಂದ ಕುಂತದ್ದನ್ನ ಯಾಕ ಕೆಡಸ್ತಿ?" ಎಂದು ನಾನೇ ಕೆಂಪು ಪೆನ್ನಿನಿಂದ ಆ ಸಾಲು ಹೊಡೆದು, ಪಕ್ಕದಲ್ಲಿ ಎರಡು ಗೀಟು ಎಳೆದೆ. ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಪ್ರಬಂಧದಲ್ಲಿ ಹಾಗೆಯೇ ಟೈಪಾಯಿತು.

ಮೌಖಿಕ ಪರೀಕ್ಷೆಗೆ ಅಹಮದಾಬಾದಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದರು. ಮೃದು ಮಾತಿನ ಮನುಷ್ಯ. ಕೋಷ್ಟಕದ ಮೇಲೆ ಬೆರಳಿಟ್ಟು, "ನಮ್ಮ ಮನೆಯಲ್ಲಿ 'ತೂಂ ಕರೀಶ್' ಎನ್ನುತ್ತೇವೆ. ನೀವು ಯಾರನ್ನೂ ಕೇಳಲಿಲ್ಲವೇ?" ಎಂದರು. ಟಿಪ್ಪಣಿ ಪುಸ್ತಕ ತರಿಸಿಕೊಂಡು ಪುಟ ತಿರುವಿದರು. ಕೆಂಪು ಗೆರೆ ಸಿಕ್ಕೇಬಿಟ್ಟಿತು.

"ಕೇಳಿದ್ದೀರಿ, ಉತ್ತರವೂ ಸಿಕ್ಕಿದೆ. ಇದನ್ನು ಹೊಡೆದು ಹಾಕಿದವರು ಯಾರು?"

ಅವಳು ನನ್ನ ಕಡೆ ನೋಡಲಿಲ್ಲ. "ನಾನೇ ಸರ್" ಎಂದಳು.

ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮುಂದಿನ ವಾರ ನನ್ನ ಬಡ್ತಿಯ ಸಂದರ್ಶನವಿತ್ತು. ಹೊಡೆದದ್ದು ನಾನು ಎಂದು ಹೇಳಲಿಲ್ಲ. ಇದ್ದ ಮಾಹಿತಿಯನ್ನು ಮುಚ್ಚಿಟ್ಟದ್ದು ತಪ್ಪಿಗಿಂತ ದೊಡ್ಡದು ಎಂದು ಪರೀಕ್ಷಕರು ಬರೆದರು. ಪ್ರಬಂಧ ತಿರಸ್ಕೃತವಾಯಿತು. ಐದು ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು.

ಅಯ್ಯೋ, ಆ ಸಾಲನ್ನು ಉಳಿಸಿಕೊಂಡಿದ್ದರೆ ಬೇಕಾಗಿದ್ದದ್ದು ಒಂದೇ ಒಂದು ನಿಯಮ! 'ಈಶ್' ಎಂಬುದು ಮಾತಾಡುವವನಿಗೂ ಕೇಳುವವನಿಗೂ ಸೇರಿದ ಏಕವಚನದ ಭವಿಷ್ಯ, ನಾವು, ನೀವುಗಳನ್ನು ಬಿಟ್ಟರೆ ಮಿಕ್ಕವರಿಗೆ 'ಶೇ'. ಉಳಿದವರ ಮಾತಿನಲ್ಲಿ ಅದೇ 'ಈಶ್' ಮಾತಾಡುವವನಿಗಷ್ಟೇ ಮೀಸಲು. ಎರಡು ಬಗೆಯ ಮಾತೂ ಒಂದೇ ಲೆಕ್ಕಾಚಾರದಲ್ಲಿ ಕೂರುತ್ತಿದ್ದವು, ಪ್ರಬಂಧಕ್ಕೆ ಇನ್ನಷ್ಟು ಕಳೆ ಬರುತ್ತಿತ್ತು. ಇದು ನನಗೆ ಹೊಳೆದದ್ದು ಪರೀಕ್ಷೆಯ ಮಾರನೇ ದಿನ, ಹಲ್ಲುಜ್ಜುವಾಗ. ಹತ್ತು ನಿಮಿಷದ ಕೆಲಸ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಡ್ತಿ ಬಂತು. ಆಮೇಲೆ, ಹೌದು, ಆಮೇಲೆಯೇ, ನಡೆದದ್ದನ್ನೆಲ್ಲ ಬರೆದು ವಿಶ್ವವಿದ್ಯಾಲಯಕ್ಕೆ ಪತ್ರ ಕೊಟ್ಟೆ. ಅಭ್ಯರ್ಥಿ ನೋಂದಣಿಯನ್ನೇ ರದ್ದು ಮಾಡಿಸಿಕೊಂಡಿದ್ದಾರೆ ಎಂದು ಉತ್ತರ ಬಂತು. ರೈಲು ಹತ್ತಿ ಸೂರತ್‌ಗೆ ಹೋದೆ.

ಅವಳ ತಾಯಿ "ಬರ್ರಿ ಬರ್ರಿ, ಒಳಗ ಬರ್ರಿ" ಎಂದು ಚಹಾ ಕೊಟ್ಟರು. ಮನೆಯವರಿಗೆ ಅವಳು ಏನೂ ಹೇಳಿರಲಿಲ್ಲ. ಅವಳು ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು, ಉತ್ತರಪತ್ರಿಕೆಗಳ ಕಟ್ಟು ಹಿಡಿದೇ ಹೊರಗೆ ಬಂದಳು. ಮತ್ತೆ ನೋಂದಣಿ ಮಾಡಿಸು, ನಾನೇ ಓಡಾಡುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿದಳು. ತಾಯಿ ಒಳಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

"ತಪ್ಪು ನಂದವ್ವಾ" ಎಂದೆ.

ಅವಳು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ, ಜೋಡಿಸಿ ಹೇಳಿದಳು. "ಅಳಬೇಡಿ ಮೇಡಂ. ಸುಳ್ಳು ಹೇಳಿದ್ದು ನಾನು. ನೀವು ಅವತ್ತು ಏನೂ ಹೇಳಲೇ ಇಲ್ಲವಲ್ಲ."